‘ಹುತ್ತರಿ ಹಾಡಿ’ನಲ್ಲಿ ಇಂದ್ರಿಯಾನುಭವ ಮತ್ತು ಭಾವೈಕ್ಯ

ಕವಿತೆಯೊಂದು ಕಣ್ಣಿಗೆ ಕಟ್ಟುವಂತಿದೆ ಎಂದು ಹೇಳುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿರುವ ಮೆಚ್ಚುಗೆಯ ಮಾತು. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ಮನಸ್ಸಿಗೆ ಕಟ್ಟುವುದಿಲ್ಲ. ನೋಟ, ನಾದ, ಗಂಧ, ಸ್ಪರ್ಶ ಇವುಗಳನ್ನು ಒಂದರ ಮೇಲೊಂದು ಹೇರಿದ ಮಾತ್ರಕ್ಕೆ ಭಾವ ಹುಟ್ಟುವುದಿಲ್ಲವೆಂಬುದು ನಮ್ಮ ಅನೇಕ ವರ್ಣನಾಪದ್ಯಗಳನ್ನು ಓದಿದವರಿಗೆ ತಿಳಿದ ಸಂಗತಿಯೇ. ಹಾಗಾದರೆ ಇಂದ್ರಿಯಾನುಭವಗಳು ಯಾವ ಕ್ರಮದಲ್ಲಿ ಬಂದರೆ, ಯಾವುದು ಮುಂದಾಗಿ ಯಾವುದು ಹಿಂದೆ ನಿಂತರೆ, ಓದುಗನ ಮನಸ್ಸು ಒಂದೇ ಭಾವದ ಕಡೆಗೆ ಹರಿಯುತ್ತದೆ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಚರ್ಚಿಸುವುದಕ್ಕಿಂತ ಒಂದು ಕವಿತೆಯನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ನಾವು ಇಲ್ಲಿ ಆಯ್ದುಕೊಂಡಿರುವುದು ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’.

ಪಂಜೆಯವರು (1874–1937) ಬಂಟವಾಳದವರು, ಮನೆಮಾತು ಕೊಂಕಣಿ. ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಅವರಿಗೆ ಕೊಡಗಿನ ಪರಿಚಯ ನಿಕಟವಾಗಿ ಆಯಿತು. ಈ ಸಂಗತಿಯನ್ನು ನಾವು ಜೀವನಚರಿತ್ರೆಗಾಗಿ ಹೇಳುತ್ತಿಲ್ಲ. ಕವಿತೆಯಲ್ಲಿ ಮಾತನಾಡುವ ದನಿ ಕೊಡಗಿನೊಳಗೆ ಹುಟ್ಟಿದ ದನಿಯಲ್ಲ, ಹೊರಗಿನಿಂದ ಬಂದು ಬೆರಗಾಗಿ ನಿಂತವನ ದನಿ. ಕವಿತೆ ಯಾವ ಇಂದ್ರಿಯದಿಂದ ಆರಂಭವಾಗುತ್ತದೆಂಬುದಕ್ಕೂ ಇದಕ್ಕೂ ನೇರವಾದ ಸಂಬಂಧವಿದೆ.

ಮೊದಲ ಪದ್ಯದ ರಚನೆಯನ್ನು ನೋಡೋಣ. ‘ಎಲ್ಲಿ’ ಎಂದು ತೊಡಗುವ ನಾಲ್ಕು ನೀಳ ಸಾಲುಗಳು. ‘ಅಲ್ಲಿ’ ಎಂದು ಉತ್ತರಿಸುವ ಮೂರು ಮೊಟಕು ಸಾಲುಗಳು. ನಾಲ್ಕು ಸಾಲುಗಳಲ್ಲಿ ನಾಲ್ಕು ಚಿತ್ರಗಳಿವೆ. ಭೂದೇವಿ ದೇವರ ಸನ್ನಿಧಿಯನ್ನು ಬಯಸಿ ಬರುವುದು ಮೊದಲನೆಯದು. ಅವಳು ಗಿರಿಯ ರೂಪ ತಾಳಿ ನಿಲ್ಲುವುದು ಎರಡನೆಯದು. ಮುಗಿಲಿನ ನಡುವೆ ಕಾವೇರಿ ಮಿಂಚಿನಂತೆ ಬೆಳಗುವುದು ಮೂರನೆಯದು. ಅದೇ ಕಾವೇರಿ ನೆಲವನ್ನು ತಣಿಸಿ ಜನರ ಮನಸ್ಸೆಂಬ ಹೊಲದ ಕಳೆಯನ್ನು ಕೀಳುವುದು ನಾಲ್ಕನೆಯದು. ಮೊದಲ ಮೂರು ಚಿತ್ರಗಳೂ ನೋಟಕ್ಕೆ ಸೇರಿದವು. ಆದರೆ ಮೂರೂ ಒಂದೇ ಬಗೆಯ ನೋಟವಲ್ಲ. ಮೊದಲನೆಯದರಲ್ಲಿ ಚಲನೆಯಿದೆ, ಎರಡನೆಯದರಲ್ಲಿ ನಿಲುವಿದೆ, ಮೂರನೆಯದರಲ್ಲಿ ಬೆಳಕಿದೆ. ಬಂದದ್ದು ನಿಂತು, ನಿಂತದ್ದರ ಮೇಲೆ ಬೆಳಕು ಹಾಯ್ದಿತು. ದೂರದ ಬೆಟ್ಟಸಾಲನ್ನು ಮೊದಲ ಬಾರಿ ನೋಡುವವನ ಕಣ್ಣಿಗೆ ನಡೆಯುವುದು ಇದೇ. ಮೊದಲು ನೆಲ ಏರುತ್ತ ಬಂದಂತೆ ಕಾಣುತ್ತದೆ, ಬಳಿಕ ಬೆಟ್ಟದ ಆಕಾರ ಸ್ಥಿರವಾಗುತ್ತದೆ, ಆಮೇಲೆ ಅದರ ನಡುವಣ ನೀರಿನ ಗೆರೆ ಮಿನುಗುತ್ತದೆ.

ನಾಲ್ಕನೆಯ ಸಾಲಿನಲ್ಲಿ ನೋಟ ಸ್ಪರ್ಶವಾಗುತ್ತದೆ. ದೂರದಲ್ಲಿ ಮಿಂಚಾಗಿದ್ದ ನೀರು ಈಗ ಮಣ್ಣನ್ನು ಮುಟ್ಟುವ ತಂಪು. ಮಿಂಚನ್ನು ಮುಟ್ಟಲಾಗದು, ನೋಡಬಹುದು ಅಷ್ಟೆ. ಆದರೆ ತಣಿದ ನೆಲದ ಹಸಿಯನ್ನು ಬರಿಗಾಲಿನಲ್ಲಿ ನಡೆದವರೆಲ್ಲ ಬಲ್ಲರು. ಆ ತಂಪು ನೆಲದಲ್ಲಿಯೇ ನಿಲ್ಲದೆ ಅದೇ ಸಾಲಿನ ಉತ್ತರಾರ್ಧದಲ್ಲಿ ಮನಸ್ಸಿನ ಹೊಲಕ್ಕೆ ಇಳಿಯುತ್ತದೆ. ಹೀಗೆ ನಾಲ್ಕೇ ಸಾಲುಗಳಲ್ಲಿ ಕವಿತೆ ಆಕಾಶದಿಂದ ಗಿರಿಗೆ, ಗಿರಿಯಿಂದ ಹೊಳೆಗೆ, ಹೊಳೆಯಿಂದ ಮಣ್ಣಿಗೆ, ಮಣ್ಣಿನಿಂದ ಮನಸ್ಸಿಗೆ ಇಳಿದುಬಂದಿತು. ಇಂದ್ರಿಯಗಳ ಲೆಕ್ಕದಲ್ಲಿ ಹೇಳುವುದಾದರೆ, ಅತ್ಯಂತ ದೂರದಿಂದ ಗ್ರಹಿಸುವ ಕಣ್ಣಿನಿಂದ ಹೊರಟು, ಅತ್ಯಂತ ಹತ್ತಿರದಲ್ಲಿ ಮಾತ್ರ ಗ್ರಹಿಸಬಲ್ಲ ಚರ್ಮದವರೆಗೆ ಬಂದಿತು. ದೇಶವೊಂದರ ಮೇಲಣ ಗೌರವ ಕೇವಲ ದೂರದ ಬೆರಗಾಗಿ ಉಳಿಯದೆ ಮೈಗೆ ತಗಲಿದ ಋಣವಾಗಬೇಕಾದರೆ ಈ ಇಳಿತ ಅವಶ್ಯವೆಂದು ನಮಗೆ ತೋರುತ್ತದೆ. ಈ ಕ್ರಮವನ್ನು ತಿರುಗಿಸಿ, ಮಣ್ಣಿನ ತಂಪನ್ನು ಮೊದಲಿಟ್ಟು ಗಿರಿಯ ನಿಲುವನ್ನು ಕೊನೆಗಿಟ್ಟರೆ ಸಾಮಗ್ರಿಯೆಲ್ಲ ಇದ್ದೂ ಭಾವ ಬೇರೆಯಾಗುತ್ತದೆ: ಋಣದಿಂದ ಹೊರಟು ಬರಿಯ ದೃಶ್ಯದಲ್ಲಿ ಮುಗಿಯುತ್ತದೆ.

ಇನ್ನು ನಾದದ ಮಾತು. ಕವಿತೆಯಲ್ಲಿ ಶಬ್ದವನ್ನು ವರ್ಣಿಸುವುದು ಬೇರೆ, ಶಬ್ದವನ್ನು ಮಾಡುವುದು ಬೇರೆ. ಮೊದಲ ಪದ್ಯದಲ್ಲಿ ಪಂಜೆಯವರು ಯಾವ ಸದ್ದನ್ನೂ ವರ್ಣಿಸಿಲ್ಲ. ಹೊಳೆ ಮೊರೆಯಿತೆಂದಾಗಲಿ ಹಕ್ಕಿ ಕೂಗಿತೆಂದಾಗಲಿ ಹೇಳಿಲ್ಲ. ಆದರೂ ಪದ್ಯ ಕಿವಿಯಲ್ಲಿ ತುಂಬಿ ನಿಲ್ಲುತ್ತದೆ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಕನ್ನಡದ ಒಂದು ಸೌಕರ್ಯ. ನೀರು ಹರಿಯುವ ‘ಹೊಳೆ’ ಎಂಬ ನಾಮಪದಕ್ಕೂ, ಪ್ರಕಾಶಿಸು ಎಂಬರ್ಥದ ‘ಹೊಳೆ’ ಎಂಬ ಧಾತುವಿಗೂ ಧ್ವನಿ ಒಂದೇ. ಹೊಲದಲ್ಲಿ ಬೇಡದೆ ಬೆಳೆದ ‘ಕಳೆ’ಗೂ, ನಿವಾರಿಸು ಎಂಬರ್ಥದ ‘ಕಳೆ’ಗೂ ಹಾಗೆಯೇ. ಕವಿ ಮೂರನೆಯ ಸಾಲಿನ ಕೊನೆಯಲ್ಲಿ ಮೊದಲ ಜೋಡಿಯನ್ನೂ ನಾಲ್ಕನೆಯ ಸಾಲಿನ ಕೊನೆಯಲ್ಲಿ ಎರಡನೆಯ ಜೋಡಿಯನ್ನೂ ಮರುಕಳಿಸುವಂತೆ ಹೆಣೆದಿದ್ದಾರೆ. ಇದನ್ನು ಬರಿಯ ಯಮಕವೆಂದು ಗುರುತಿಸಿ ಬಿಟ್ಟರೆ ಸಾಲದು. ಹೊಳೆಯುವುದು ಕಣ್ಣಿನ ವಿಷಯ. ಅದೇ ಅಕ್ಷರಗಳು ಮರಳಿ ಮರಳಿ ಬಂದಾಗ ಅದು ಕಿವಿಯ ವಿಷಯವಾಗುತ್ತದೆ, ನೀರು ಕಲ್ಲಿನಿಂದ ಕಲ್ಲಿಗೆ ಬೀಳುವ ಲಯವಾಗುತ್ತದೆ. ನೋಟದ ಪದರ ಮತ್ತು ನಾದದ ಪದರ ಇಲ್ಲಿ ಎರಡು ಬೇರೆ ವಾಕ್ಯಗಳಲ್ಲಿಲ್ಲ, ಒಂದೇ ಪದದಲ್ಲಿವೆ. ಎರಡು ಪದರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಓದುಗನ ಗಮನ ಹಂಚಿಹೋಗುತ್ತದೆ. ಒಂದೇ ಪದದಲ್ಲಿ ಕೂಡಿಸಿದರೆ ಗಮನ ಇಮ್ಮಡಿಯಾಗುತ್ತದೆ.

ಎರಡನೆಯ ಕಾರಣ ಛಂದಸ್ಸು. ನೀಳ ಸಾಲಿನ ನಡಿಗೆ ಮೂರು–ನಾಲ್ಕು ಮಾತ್ರೆಗಳದು, ಭಾಮಿನೀ ಷಟ್ಪದಿಯಿಂದ ನಮಗೆ ಪರಿಚಿತವಾದ ನಡಿಗೆ. ಭಾಮಿನಿಯ ಮೂರನೆಯ ಸಾಲಿನಲ್ಲಿ ಏಳು ಮಾತ್ರೆಯ ಮೂರು ಗುಂಪುಗಳಾದ ಮೇಲೆ ಒಂದು ಗುರು ಬರುತ್ತದೆ. ಇಲ್ಲಿ ಅಂಥ ಮೂರು ಗುಂಪುಗಳ ಬಳಿಕ ಐದು ಮಾತ್ರೆಗಳಿವೆ, ಒಟ್ಟು 26. ನಾಲ್ಕನೆಯ ಗುಂಪು ತುಂಬಲು ಎರಡು ಮಾತ್ರೆ ಕಡಿಮೆ. ಹಾಡುವವರು ಕೊನೆಯ ದೀರ್ಘವನ್ನು ಎಳೆದು ಆ ತೆರವನ್ನು ತುಂಬುತ್ತಾರೆ. ನಾಲ್ಕೂ ಸಾಲುಗಳ ಕೊನೆಯ ದೀರ್ಘ ‘ಓ’ಕಾರ; ಪ್ರಶ್ನೆಯ ದನಿಯನ್ನು ಗಾಳಿಯಲ್ಲಿ ತೇಲಿಬಿಡುವ ಸ್ವರ. ಉತ್ತರವಾಗಿ ಬರುವ ಮೊಟಕು ಸಾಲುಗಳಲ್ಲಿ ಇರುವುದು ಏಳು ಮತ್ತು ಐದು, ಒಟ್ಟು 12 ಮಾತ್ರೆ. ಎಂದರೆ ನೀಳ ಸಾಲಿನ ಬಾಲವನ್ನೇ ಕತ್ತರಿಸಿ ಮೂರು ಸಲ ಇರಿಸಿದಂತಾಯಿತು. ಅವುಗಳ ಕೊನೆಯ ದೀರ್ಘ ‘ಆ’ಕಾರ, ಬಾಯಿ ತೆರೆದು ನಿಲ್ಲುವ ಸ್ವರ. ನೀಳ ಸಾಲುಗಳಲ್ಲಿ ಕೂಡಿಕೊಂಡ ಉಸಿರು ಮೊಟಕು ಸಾಲುಗಳಲ್ಲಿ ಮೂರು ಹೊಡೆತಗಳಾಗಿ ಹೊರಬೀಳುತ್ತದೆ. ಆ ಮೂರು ಸಾಲುಗಳ ಅರ್ಥವೂ ದಿಕ್ಕು, ನಾಡು, ಬೀಡು ಎಂದು ವರ್ತುಲವನ್ನು ಕಿರಿದು ಮಾಡುತ್ತ ಹೋಗುತ್ತದೆ. ಕಣ್ಣಿಗೆ ದಿಕ್ಕು ತೋರಿಸಿದ ಕವಿತೆ ಹೀಗೆ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ.

ಎರಡನೆಯ ಪದ್ಯದಲ್ಲಿ ‘ಎಲ್ಲಿ’ ಎಂಬುದರ ಸ್ಥಾನದಲ್ಲಿ ‘ಯಾರು’ ಎಂಬ ಪ್ರಶ್ನೆ ಬರುತ್ತದೆ, ‘ಅಲ್ಲಿ’ ಎಂಬುದರ ಸ್ಥಾನದಲ್ಲಿ ‘ಅವರು’ ಎಂಬ ಉತ್ತರ. ಹುಲಿಯ ಹಾಲನ್ನು ಸವಿದವರು ಯಾರು, ಸಾವಿರ ಸಾವುಗಳನ್ನು ತಡೆದವರು ಯಾರು, ತಮ್ಮ ಜೀವವನ್ನೂ ನೆತ್ತರನ್ನೂ ವ್ಯಯಿಸಿ ನಮ್ಮನ್ನು ಬೆಳೆಸಿದವರು ಯಾರು ಎಂದು ಕೇಳಿ, ಅವರು ಕೊಡಗಿನ ಹಿರಿಯರೆಂದು ಕವಿತೆ ಉತ್ತರಿಸುತ್ತದೆ. ಇಲ್ಲಿ ರುಚಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಆದರೆ ಎಂಥ ರುಚಿ! ಹಬ್ಬದ ಹೊಸ ಅಕ್ಕಿಯ ಪಾಯಸದ ರುಚಿಯಲ್ಲ. ಯಾರ ನಾಲಗೆಯೂ ಅರಿಯದ, ಅಸಾಧ್ಯವಾದ ಹುಲಿಯ ಹಾಲಿನ ರುಚಿ. ಓದುಗನಿಗೆ ಸವಿಯಲು ಬಾರದ ವಸ್ತುವನ್ನು ಸವಿದರೆಂದು ಹೇಳುವುದರಿಂದ, ಸವಿದವರಿಗೂ ಓದುಗನಿಗೂ ನಡುವಣ ಅಂತರ ಹೆಚ್ಚುತ್ತದೆ. ಮೊದಲ ಪದ್ಯ ನೆಲವನ್ನು ಹತ್ತಿರ ತಂದಿತ್ತು. ಎರಡನೆಯದು ಹಿರಿಯರನ್ನು ಎತ್ತರಕ್ಕೆ ಏರಿಸುತ್ತದೆ. ನೆಲ ಹತ್ತಿರ, ಹಿರಿಯರು ಎತ್ತರ. ಈ ಎರಡರ ನಡುವೆ ನಿಂತವನಲ್ಲಿ ಹುಟ್ಟತಕ್ಕ ಭಾವ ಒಂದೇ: ಹೆಮ್ಮೆ ಬೆರೆತ ಭಕ್ತಿ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಉತ್ಸಾಹವೇ ಸ್ಥಾಯಿ. ಗಿರಿ, ಹೊಳೆಗಳಿಂದ ಹುಟ್ಟಿದ ವಿಸ್ಮಯ ಅದಕ್ಕೆ ಪೋಷಕ. ಎಂದರೆ ಅದ್ಭುತವು ವೀರಕ್ಕೆ ಅಂಗವಾಗಿ ನಿಂತಿದೆ. ಪ್ರಬಂಧದಲ್ಲಿ ಹಲವು ರಸಗಳಿದ್ದರೂ ಒಂದು ಅಂಗಿಯಾಗಿರಬೇಕೆಂದು ಆನಂದವರ್ಧನನು ಹೇಳಿದ್ದು ಮಹಾಕಾವ್ಯ, ನಾಟಕಗಳನ್ನು ಕುರಿತು. ಆದರೆ ಆ ನಿಯಮ ಇಂಥ ಕಿರುಗವಿತೆಯ ಇಂದ್ರಿಯಚಿತ್ರಗಳಿಗೂ ಹೊಂದುತ್ತದೆ.

ಈಗ ಗಂಧದ ಪ್ರಶ್ನೆ. ನಾವು ಪರಿಶೀಲಿಸಿದ ಈ ಎರಡು ಪದ್ಯಗಳಲ್ಲಿ ಗಂಧದ ಹೆಸರಿಲ್ಲ. ಹುತ್ತರಿಯಂಥ ಹಬ್ಬದ ಹೆಸರನ್ನು ಹೊತ್ತ ಹಾಡಿಗೆ ಇದು ಸಣ್ಣ ಸಂಗತಿಯಲ್ಲ. ಹುತ್ತರಿ ಎಂದರೆ, ಕೊಡವ ಮಾತಿನ ಪುತ್ತರಿ ಎಂದರೆ, ಹೊಸ ಅಕ್ಕಿ. ನವೆಂಬರ್–ಡಿಸೆಂಬರ್ ತಿಂಗಳ ಹುಣ್ಣಿಮೆಯ ಸುಮಾರಿಗೆ, ಗದ್ದೆಗಳು ಹಣ್ಣಾಗಿ ಮಂಜು ಕವಿಯುವ ಕಾಲದಲ್ಲಿ ಅದು ಬರುತ್ತದೆ. ರಾತ್ರಿ ನಿಗದಿಯಾದ ಮುಹೂರ್ತಕ್ಕೆ ಮನೆಯವರು ಗದ್ದೆಗೆ ಹೋಗಿ ಕದಿರು ಕೊಯ್ಯುತ್ತಾರೆ. ಆಗ ಕೋವಿಯ ಗುಂಡು ಹಾರುತ್ತದೆ. ದೇವರೇ, ಹೆಚ್ಚಲಿ ಎಂಬ ಕೂಗು ಏಳುತ್ತದೆ. ಕದಿರನ್ನು ಮನೆಗೆ ತಂದು ಕಟ್ಟಿ ಹೊಸ ಅಕ್ಕಿಯ ಪಾಯಸ ಮಾಡುತ್ತಾರೆ. ಇಲ್ಲಿ ಗಂಧಕ್ಕೆ ಕೊರತೆಯಿಲ್ಲ: ಕೊಯ್ದ ಪೈರಿನ ಹಸಿ ವಾಸನೆ, ಮದ್ದಿನ ಹೊಗೆ, ಬೇಯುವ ಹೊಸ ಅಕ್ಕಿಯ ಘಮ. ಇವೆಲ್ಲ ಕವಿಯ ಕೈಗೆ ಎಟಕುವಂತಿದ್ದೂ ಈ ಪದ್ಯಗಳಿಗೆ ಬರಲಿಲ್ಲವೇಕೆ?

ಇದಕ್ಕೆ ಉತ್ತರ ಕಾಣಲು ಒಂದು ಪ್ರಯೋಗವನ್ನು ಮಾಡಬಹುದು. ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೂ ಮಾಡಿಸಬಹುದು. ಮೊದಲ ಪದ್ಯದ ನಾಲ್ಕನೆಯ ಚಿತ್ರದ ಬಳಿಕ ಗಂಧದ ಒಂದು ಚಿತ್ರವನ್ನು ಗದ್ಯದಲ್ಲಿಯೇ ಸೇರಿಸಿ ನೋಡುವುದು. ಕೊಡಗೆಂದೊಡನೆ ಮೊದಲು ನೆನಪಾಗುವುದು ಕಾಫಿಯ ಹೂವಿನ ಪರಿಮಳ. ಅದನ್ನು ಸೇರಿಸಿದರೆ ತಪ್ಪು ಎರಡು. ಕಾಫಿ ಹೂ ಬಿಡುವುದು ಬೇಸಗೆಯ ಮೊದಲ ಮಳೆಗಳಾದ ಮೇಲೆ, ಮಾರ್ಚ್–ಏಪ್ರಿಲ್ ಸುಮಾರಿಗೆ. ಹುತ್ತರಿಯ ಹೊತ್ತಿಗೆ ಗಿಡದಲ್ಲಿರುವುದು ಹೂವಲ್ಲ, ಹಣ್ಣು. ಕಾಲದ ಔಚಿತ್ಯ ಕೆಡುತ್ತದೆ. ಇನ್ನೊಂದು, ಆ ಪರಿಮಳ ಮಲ್ಲಿಗೆಯದನ್ನು ಹೋಲುವಂಥದು. ಅದು ಮನಸ್ಸನ್ನು ಶೃಂಗಾರದ ಕಡೆಗೆ ಸೆಳೆಯುತ್ತದೆ. ಅದರ ಬದಲು ಬೇಯುವ ಹೊಸ ಅಕ್ಕಿಯ ಘಮವನ್ನಿಟ್ಟರೆ ಕಾಲದೋಷವಿಲ್ಲ. ಆದರೂ ಭಾವ ಅಡಿಗೆಮನೆಯ ಕಡೆಗೆ, ತಾಯಿ, ಬಾಲ್ಯಗಳ ನೆನಪಿನ ಕಡೆಗೆ ತಿರುಗುತ್ತದೆ. ಗಂಧದ ಸ್ವಭಾವವೇ ಅದು. ನೋಟ ಎಲ್ಲರಿಗೂ ಸಮಾನ. ಗಂಧ ಮಾತ್ರ ಒಬ್ಬೊಬ್ಬನನ್ನು ಅವನವನ ಮನೆಗೆ ಕರೆದೊಯ್ಯುತ್ತದೆ. ಸಭೆಯಲ್ಲಿ ಎಲ್ಲರೂ ಕೂಡಿ ಹಾಡಬೇಕಾದ ಹಾಡಿಗೆ ಅದು ತೊಡಕು. ಮೂರನೆಯದಾಗಿ ಮದ್ದಿನ ಹೊಗೆಯ ವಾಸನೆಯನ್ನಿಟ್ಟು ನೋಡಿದರೆ ಮಾತ್ರ ಪದ್ಯ ಅದನ್ನು ಒಪ್ಪಿಕೊಳ್ಳುತ್ತದೆ, ಏಕೆಂದರೆ ಅದು ವೀರಕ್ಕೆ ಸಲ್ಲುವ ಗಂಧ; ಆದರೆ ಅದರ ಸ್ಥಾನ ಮೊದಲ ಪದ್ಯವಲ್ಲ, ಎರಡನೆಯದು. ಈ ಪ್ರಯೋಗದಿಂದ ತಿಳಿಯುವುದಿಷ್ಟು: ಇಂದ್ರಿಯಚಿತ್ರ ಸುಂದರವಾಗಿದೆಯೇ ಎಂಬುದು ಎರಡನೆಯ ಪ್ರಶ್ನೆ, ಅದು ಯಾವ ಕಡೆಗೆ ಎಳೆಯುತ್ತದೆ ಎಂಬುದು ಮೊದಲನೆಯದು.

ಹೋಲಿಕೆಗಾಗಿ ನಮ್ಮ ಪ್ರಾಚೀನ ಕಾವ್ಯದ ಒಂದು ಪ್ರಸಿದ್ಧ ಸ್ಥಳವನ್ನು ನೋಡಬಹುದು. ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ, ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬನವಾಸಿಯನ್ನು ಕುರಿತ ಪದ್ಯಗಳು ಬರುತ್ತವೆ. ಅವುಗಳಲ್ಲೊಂದು ಬನವಾಸಿಯ ನೆನಪಿನ ಪದ್ಯ. ಅದು ಹೊರಡುವುದು ಕಣ್ಣಿನಿಂದಲ್ಲ, ಮೈಗೆ ಸೋಂಕಿದ ತೆಂಕಣ ಗಾಳಿಯಿಂದ. ಬಳಿಕ ಒಳ್ಳೆಯ ಮಾತು, ಇಂಪಾದ ಗೇಯ ಎಂದು ಎರಡು ಸಲ ಕಿವಿ; ಆಮೇಲೆ ಬಿರಿದ ಮಲ್ಲಿಗೆ; ಮುಂದೆ ವಸಂತೋತ್ಸವ; ಕೊನೆಗೆ ಅಂಕುಶದಿಂದ ತಡೆದರೂ ನಿಲ್ಲದ ಮನಸ್ಸು. ಇಲ್ಲಿ ಗಮನಿಸಬೇಕಾದದ್ದು ಎರಡು. ಮಲ್ಲಿಗೆಯನ್ನು ಕವಿ ಕಂಡರೆ ಎನ್ನುತ್ತಾನೆ, ಮೂಸಿದರೆ ಎನ್ನುವುದಿಲ್ಲ. ಗಂಧವನ್ನು ಹೆಸರಿಸದೆ ಓದುಗನಿಗೆ ಬಿಟ್ಟಿದ್ದಾನೆ. ಬಿರಿದ ಮಲ್ಲಿಗೆಯನ್ನು ಗಂಧವಿಲ್ಲದೆ ನೋಡಬಲ್ಲವರು ಯಾರು? ಎರಡನೆಯದಾಗಿ, ಪದ್ಯ ಸ್ಪರ್ಶದಿಂದ ತೊಡಗಿ ಸ್ಪರ್ಶದಲ್ಲಿಯೇ ಮುಗಿಯುತ್ತದೆ. ಆರಂಭದಲ್ಲಿ ಗಾಳಿಯ ಮೃದು ಸೋಂಕು, ಅಂತ್ಯದಲ್ಲಿ ಕಬ್ಬಿಣದ ಮೊನೆ. ಆನೆಯಂಥ ಮನಸ್ಸನ್ನು ಎಬ್ಬಿಸಲು ಗಾಳಿ ಸಾಕಾಯಿತು, ನಿಲ್ಲಿಸಲು ಅಂಕುಶ ಸಾಲದಾಯಿತು ಎಂಬ ವಿರೋಧದಿಂದ ಹಂಬಲದ ಬಲ ಗೊತ್ತಾಗುತ್ತದೆ.

ಎರಡು ಕವಿತೆಗಳ ವ್ಯಾಕರಣವನ್ನು ಹೋಲಿಸಿದರೆ ಭಾವದ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಪಂಪನಲ್ಲಿ ಪ್ರತಿಯೊಂದು ಇಂದ್ರಿಯಾನುಭವವೂ ಪಕ್ಷಾರ್ಥದ ರೂಪದಲ್ಲಿದೆ: ಹೀಗಾದರೂ, ಹೀಗಾದರೂ ನೆನೆಯುತ್ತದೆ ಮನಸ್ಸು. ಇಂದ್ರಿಯ ಇಲ್ಲಿ ನೆಪ, ನೆನಪು ಮುಖ್ಯ. ಬನವಾಸಿ ಎದುರಿಗಿಲ್ಲ. ಪಂಜೆಯವರಲ್ಲಿ ಅನುಭವಗಳು ಪ್ರಶ್ನೆಯ ರೂಪದಲ್ಲಿವೆ. ಎಲ್ಲಿ ಎಂದು ಕೇಳಿ ಅಲ್ಲಿ ಎಂದು ಬೆರಳು ತೋರಲಾಗುತ್ತದೆ. ನಾಡು ಎದುರಿಗಿದೆ, ಆದರೆ ತುಸು ದೂರದಲ್ಲಿದೆ. ಎದುರಿಗಿಲ್ಲದ ನಾಡಿಗೆ ಸಲ್ಲುವುದು ಹಂಬಲ. ಅದಕ್ಕೆ ಮೈ, ಕಿವಿ, ಮೂಗುಗಳು ಸಾಧನ. ಎದುರಿಗಿರುವ ನಾಡಿಗೆ ಸಲ್ಲುವುದು ಅಭಿಮಾನ. ಅದಕ್ಕೆ ಕಣ್ಣು ಸಾಧನ. ಎರಡೂ ದೇಶಪ್ರೇಮವೇ. ಆದರೆ ಒಂದರ ಇಂದ್ರಿಯಕ್ರಮವನ್ನು ಇನ್ನೊಂದಕ್ಕೆ ಕೊಡಲಾಗದು.

ಹೀಗೆ ಒಂದೇ ಭಾವಕ್ಕೆ ಕಟ್ಟುಬೀಳುವುದರಿಂದ ಕವಿತೆ ಗಳಿಸುವುದೂ ಉಂಟು, ಕಳೆದುಕೊಳ್ಳುವುದೂ ಉಂಟು. ‘ಹುತ್ತರಿ ಹಾಡಿ’ನ ಗಳಿಕೆಯನ್ನು ಇದುವರೆಗೆ ನೋಡಿದೆವು. ನಷ್ಟವನ್ನೂ ಹೇಳದಿದ್ದರೆ ವಿಮರ್ಶೆ ಅರ್ಧವಾದೀತು. ದೂರದಿಂದ ನೋಡುವ ಕಣ್ಣಿಗೆ ಗಿರಿ ಕಾಣುತ್ತದೆ, ಹೊಳೆ ಕಾಣುತ್ತದೆ, ಬೀಡು ಕಾಣುತ್ತದೆ. ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ನೆಡುವವರು ಕಾಣುವುದಿಲ್ಲ. ಹೊಸ ಅಕ್ಕಿ ಹಬ್ಬವಾಗುವ ಮೊದಲು ಅದು ಕೆಸರಿನ ತಣ್ಣನೆಯ ಸ್ಪರ್ಶವಾಗಿ, ಮಳೆಗಾಲದ ಚಳಿಯಾಗಿ ಹಲವರ ಮೈಯನ್ನು ಹಾದು ಬಂದಿರುತ್ತದೆ. ಕೊಡಗಿನ ಗದ್ದೆಗಳಲ್ಲಿ ದುಡಿದವರಲ್ಲಿ ಯರವರೂ ಇದ್ದರು. ಜೀತಪದ್ಧತಿಯನ್ನು ರದ್ದುಪಡಿಸಿದ ಕಾನೂನು ದೇಶದಲ್ಲಿ ಬಂದದ್ದು 1976ರಲ್ಲಿ. ಕವಿತೆಯ ಸ್ಪರ್ಶ ನೆಲ ತಣಿಯುವ ಸ್ಪರ್ಶ, ನೆಲದಲ್ಲಿ ದುಡಿಯುವ ಸ್ಪರ್ಶವಲ್ಲ. ಆ ಎರಡನೆಯದನ್ನು ತಂದಿದ್ದರೆ ಹೆಮ್ಮೆಯೊಳಗೆ ಕರುಣೆ ಹೊಕ್ಕು ಅಂಗಿಯಾದ ಭಾವ ಕದಡುತ್ತಿತ್ತು. ಕವಿ ತಂದಿಲ್ಲವೆಂದು ನಾವು ಆಕ್ಷೇಪಿಸುವುದಿಲ್ಲ. ಅವರು ಕೈಗೊಂಡ ಕೆಲಸಕ್ಕೆ ಅದು ಸೇರಿದ್ದಲ್ಲ. ಆದರೆ ಭಾವೈಕ್ಯವೆಂಬುದು ಆಯ್ಕೆಯ ಫಲ, ಆಯ್ಕೆಯಲ್ಲಿ ಬಿಟ್ಟದ್ದೂ ಸೇರಿರುತ್ತದೆ ಎಂಬುದನ್ನು ಪಾಠ ಹೇಳುವವರು ವಿದ್ಯಾರ್ಥಿಗಳಿಗೆ ತೋರಿಸಬೇಕು.

ಇನ್ನೊಂದು ಮಾತು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವ ಮಾತಿನ ಹಬ್ಬದ ಹಾಡುಗಳಿವೆ. ದುಡಿ ಬಾರಿಸುತ್ತ ಹಾಡುವವರಿಗೆ ಕೊಡಗು ‘ಅಲ್ಲಿ’ ಅಲ್ಲ, ‘ಇಲ್ಲಿ’. ಅವರು ಹಬ್ಬದ ನಡುವೆಯೇ ನಿಂತು ಹಾಡುತ್ತಾರೆ. ಪಂಜೆಯವರ ಕವಿತೆ ಆ ನಡುವಿನಲ್ಲಿ ತಾನಿದ್ದೇನೆಂದು ನಟಿಸಲಿಲ್ಲ. ಹೊರಗಿನವನ ಕಣ್ಣನ್ನೇ ಒಪ್ಪಿಕೊಂಡು, ಅದನ್ನು ನೋಟದಿಂದ ನಾದಕ್ಕೆ, ನಾದದಿಂದ ಸ್ಪರ್ಶಕ್ಕೆ ನಡೆಸಿಕೊಂಡು ಬಂದು, ಬೀಡಿನ ಬಾಗಿಲವರೆಗೆ ತಂದು ನಿಲ್ಲಿಸಿತು. ಒಳಗಿನ ಗಂಧ ಒಳಗಿನವರದೇ ಆಗಿ ಉಳಿಯಿತು. ಆ ಗೌರವವೂ ಈ ಕವಿತೆಯ ಭಾವದಲ್ಲಿ ಸೇರಿದೆ ಎಂದು ನಾವು ತಿಳಿಯುತ್ತೇವೆ.